ಕಪ್ಪು ಅಕ್ಷರದ ಸುತ್ತ ಬಿಳಿ ಗೆರೆ ಏಕೆ, ಅಕ್ಷರವೇ ಮಾಯವಾಗುವುದು ಏಕೆ: ಪಿಡಿಎಫ್‌ನ ಓವರ್‌ಪ್ರಿಂಟ್ ಮತ್ತು ನಾಕೌಟ್

ಪುಟವಿನ್ಯಾಸ ಮಾಡುವವರೂ ಮುದ್ರಣದವರೂ ಒಟ್ಟಿಗೆ ಕೂತಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಬರಹದಲ್ಲೇ ವಿವರಿಸಿದ್ದೇನೆ. ಸಭಿಕರು ನಡುವೆ ಕೇಳಿದ ಪ್ರಶ್ನೆಗಳನ್ನು ಅವು ಬಂದ ಜಾಗದಲ್ಲೇ ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಒಂದು ಪುಟ ಇಟ್ಟುಕೊಂಡು ಮಾತಾಡೋಣ. ಆ ಪುಟದಲ್ಲಿ ಕಂದುಹಳದಿ ಬಣ್ಣದ ಒಂದು ಚೌಕವಿದೆ, ಶೇಕಡಾ ಲೆಕ್ಕದಲ್ಲಿ: ಸಯಾನ್ 20, ಮೆಜೆಂಟಾ 40, ಹಳದಿ 80, ಕಪ್ಪು 0. ಅದರ ಮೇಲೆ 10 ಪಾಯಿಂಟ್ ಅಳತೆಯ ಒಂದು ಪ್ಯಾರಾ ಇದೆ, ಬರೀ ಕಪ್ಪಿನಲ್ಲಿ: ಮಿಕ್ಕ ಮೂರೂ 0, ಕಪ್ಪು 100. ಇಷ್ಟೇ ಪುಟ. ನಾವು ದಿನಾ ಮಾಡುವ ಕೆಲಸವೇ. ಆದರೆ ಈ ಪುಟ ಕಾಗದದ ಮೇಲೆ ಎಷ್ಟು ಬಗೆಯಲ್ಲಿ ಕೆಡಬಹುದು ಅಂತ ನೋಡಿದರೆ ಓವರ್‌ಪ್ರಿಂಟ್ ವಿಷಯ ಪೂರ್ತಿ ಗೊತ್ತಾಗುತ್ತದೆ.

ಬಣ್ಣದ ಮುದ್ರಣದಲ್ಲಿ ನಾಲ್ಕು ಪ್ಲೇಟ್‌ಗಳು ಬೇರೆಬೇರೆಯಾಗಿ ತಯಾರಾಗುತ್ತವೆ. ಕಪ್ಪಿನ ಪ್ಲೇಟ್‌ನಲ್ಲಿ ನಮ್ಮ ಪ್ಯಾರಾ ಇರುತ್ತದೆ, ಅದರಲ್ಲಿ ಗೊಂದಲವಿಲ್ಲ. ಪ್ರಶ್ನೆ ಇರುವುದು ಉಳಿದ ಮೂರು ಪ್ಲೇಟ್‌ಗಳ ಬಗ್ಗೆ. ಅಕ್ಷರ ಕೂತಿರುವ ಜಾಗದಲ್ಲಿ ಸಯಾನ್, ಮೆಜೆಂಟಾ, ಹಳದಿ ಪ್ಲೇಟ್‌ಗಳು ಏನು ಮಾಡಬೇಕು? ಚೌಕದ ಬಣ್ಣವನ್ನು ಹಾಗೇ ಮುಂದುವರಿಸಬೇಕೋ, ಅಕ್ಷರದ ಆಕಾರದಲ್ಲಿ ಬಣ್ಣ ಕೊರೆದು ಜಾಗ ಖಾಲಿ ಬಿಡಬೇಕೋ? ಖಾಲಿ ಬಿಟ್ಟರೆ ನಾಕೌಟ್. ಮುಂದುವರಿಸಿ ಅದರ ಮೇಲೇ ಕಪ್ಪು ಬೀಳುವಂತೆ ಮಾಡಿದರೆ ಓವರ್‌ಪ್ರಿಂಟ್.

ನಾವು ಏನೂ ಹೇಳದಿದ್ದರೆ ಪಿಡಿಎಫ್ ನಾಕೌಟನ್ನೇ ಹಿಡಿಯುತ್ತದೆ. ಮೇಲೆ ಬಂದ ವಸ್ತು ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ ಎಂಬುದು ಅದರ ಮೂಲ ನಿಯಮ. ಕಂಪ್ಯೂಟರ್ ತೆರೆಗೆ ಅದು ಸರಿ, ಏಕೆಂದರೆ ತೆರೆಯ ಮೇಲೆ ಬಣ್ಣಗಳು ಜಾಗ ಬಿಟ್ಟು ಕದಲುವುದಿಲ್ಲ. ಪ್ರೆಸ್‌ನಲ್ಲಿ ಕದಲುತ್ತವೆ. ಆಫ್‌ಸೆಟ್‌ನಲ್ಲಿ ಹಾಳೆ ಒಂದು ಯೂನಿಟ್‌ನಿಂದ ಇನ್ನೊಂದಕ್ಕೆ ಹೋಗುವಾಗ ನೀರಿನ ತೇವಕ್ಕೆ ತುಸು ಹಿಗ್ಗುತ್ತದೆ, ಹಿಡಿತದಲ್ಲಿ ತುಸು ಸರಿಯುತ್ತದೆ. ಕಪ್ಪು ಪ್ಲೇಟ್ ಉಳಿದವಕ್ಕಿಂತ 0.1 ಮಿಲಿಮೀಟರ್ ಬಲಕ್ಕೆ ಬಿತ್ತು ಅನ್ನಿ. ಕೊರೆದಿಟ್ಟ ಖಾಲಿ ಜಾಗ ತನ್ನ ಜಾಗದಲ್ಲೇ ಇದೆ, ಅಕ್ಷರ ಮಾತ್ರ ಪಕ್ಕಕ್ಕೆ ಹೋಗಿದೆ. ಪ್ರತಿ ಅಕ್ಷರದ ಎಡ ಅಂಚಿನಲ್ಲಿ ಬಿಳಿ ಕಾಗದ ಇಣುಕುತ್ತದೆ. 10 ಪಾಯಿಂಟ್ ಅಕ್ಷರದ ಗೆರೆಯ ದಪ್ಪವೇ ಸುಮಾರು 0.3 ಮಿಲಿಮೀಟರ್ ಇರುವಾಗ ಅದರ ಮೂರನೇ ಒಂದರಷ್ಟು ಬಿಳಿ ಗೆರೆ ಪಕ್ಕದಲ್ಲಿ ಕೂತರೆ ಓದುವ ಕಣ್ಣಿಗೆ ಚುಚ್ಚದೆ ಇರುತ್ತದೆಯೇ? ನಾವು ಹಾಲೋ ಅನ್ನುವುದು ಬಹುಪಾಲು ಇದನ್ನೇ.

ಇದನ್ನು ಗುರುತಿಸುವುದು ಸುಲಭ. ಮುದ್ರಿತ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಗೆರೆ ಅಕ್ಷರದ ಒಂದೇ ಮಗ್ಗುಲಲ್ಲಿದ್ದು, ಎದುರು ಮಗ್ಗುಲಲ್ಲಿ ಕಪ್ಪು ಚೌಕದ ಬಣ್ಣದ ಮೇಲೆ ಹತ್ತಿಕೊಂಡಿದ್ದರೆ ಅದು ನಾಕೌಟ್ ಮತ್ತು ರಿಜಿಸ್ಟರ್, ಅಂದರೆ ಪ್ಲೇಟ್‌ಗಳ ಹೊಂದಿಕೆ, ತಪ್ಪಿದ್ದು ಎರಡೂ ಸೇರಿ ಆದ ಕೆಲಸ. ಬಿಳಿ ಗೆರೆ ಅಕ್ಷರದ ಸುತ್ತಲೂ ಒಂದೇ ದಪ್ಪದಲ್ಲಿದ್ದರೆ ಪ್ರೆಸ್‌ನವರನ್ನು ದೂರಬೇಡಿ. ಫೈಲ್‌ನಲ್ಲೇ ಯಾರೋ ಬಿಳಿ ಔಟ್‌ಲೈನ್ ಕೊಟ್ಟಿರುವ ಸಂಭವ ಹೆಚ್ಚು.

ಸಣ್ಣ ಕಪ್ಪು ಅಕ್ಷರಕ್ಕೆ ಮದ್ದು ಓವರ್‌ಪ್ರಿಂಟ್. ಚೌಕದ ಮೂರು ಪ್ಲೇಟ್‌ಗಳಲ್ಲಿ ಬಣ್ಣವನ್ನು ಕೊರೆಯದೆ ಬಿಟ್ಟರೆ ಕಪ್ಪು ಎತ್ತ ಸರಿದರೂ ಇಣುಕಲು ಬಿಳಿ ಕಾಗದವೇ ಇರುವುದಿಲ್ಲ. ಇಲ್ಲಿಯವರೆಗೆ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಮಾತೇ. ಇಲ್ಲಿಂದ ಮುಂದೆ ಕಷ್ಟ ಶುರು.

ಆಗ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು: “ಸರ್, ನಾನು ಓವರ್‌ಪ್ರಿಂಟ್ ಹಾಕಿಯೇ ಕಳಿಸಿದ್ದೆ. ಆದರೂ ಬಿಳಿ ಗೆರೆ ಬಂತು. ಅದು ಹೇಗೆ?”

ಇವತ್ತಿನ ಮಾತು ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಓವರ್‌ಪ್ರಿಂಟ್ ಅನ್ನುವುದು ಒಂದು ಸ್ವಿಚ್ ಅಂತ ನಾವು ತಿಳಿದಿದ್ದೇವೆ. ಪಿಡಿಎಫ್ ಒಳಗೆ ಅದು ಒಂದು ಸ್ವಿಚ್ ಅಲ್ಲ. ಫೈಲನ್ನು ಬಿಚ್ಚಿ ನೋಡಿದರೆ ಹೀಗೆ ಕಾಣುತ್ತದೆ:

```
/GS1 << /Type /ExtGState /OP true /op true /OPM 1 >>
```

ಪುಟದ ಒಳಗೆ ನಮ್ಮ ಪ್ಯಾರಾ ಬರುವ ಮೊದಲು ಹೀಗೆ:

```
/GS1 gs
0 0 0 1 k
```

`OP` ದೊಡ್ಡ ಅಕ್ಷರದಲ್ಲಿದ್ದರೆ ಔಟ್‌ಲೈನ್‌ಗೆ, ಸಣ್ಣ ಅಕ್ಷರದ `op` ಒಳತುಂಬಿಗೆ. ಇವೆರಡೂ ಬೇರೆಬೇರೆ. ಅಕ್ಷರವನ್ನು ಕೊಂಚ ದಪ್ಪ ಮಾಡಲು ಕಪ್ಪು ಔಟ್‌ಲೈನ್ ಕೊಟ್ಟು, ಒಳತುಂಬಿಗೆ ಮಾತ್ರ ಓವರ್‌ಪ್ರಿಂಟ್ ಹಾಕಿ ಔಟ್‌ಲೈನ್‌ಗೆ ಮರೆತರೆ, ಔಟ್‌ಲೈನ್ ತನ್ನ ಜಾಗವನ್ನು ಕೊರೆದುಕೊಳ್ಳುತ್ತದೆ. ಅಕ್ಷರದ ಅಂಚು ಅಂದರೆ ಔಟ್‌ಲೈನೇ ತಾನೇ? ಹಾಗಾಗಿ ಬಿಳಿ ಗೆರೆ ಮತ್ತೆ ಹಾಜರು.

ಇದಕ್ಕಿಂತ ಮುಖ್ಯವಾದದ್ದು `OPM`, ಅಂದರೆ ಓವರ್‌ಪ್ರಿಂಟ್ ಮೋಡ್. ಅದರ ಬೆಲೆ 0 ಅಥವಾ 1. ಎರಡನೇ ಸಾಲಿನಲ್ಲಿ ನಮ್ಮ ಬಣ್ಣ `0 0 0 1` ಅಂತ ಬರೆದಿದೆ: ಸಯಾನ್ ಸೊನ್ನೆ, ಮೆಜೆಂಟಾ ಸೊನ್ನೆ, ಹಳದಿ ಸೊನ್ನೆ, ಕಪ್ಪು ಪೂರ್ತಿ. ಆ ಮೂರು ಸೊನ್ನೆಗಳಿಗೆ ಅರ್ಥವೇನು? “ಇಲ್ಲಿ ಸಯಾನ್ ಬೇಡ, ಅಳಿಸು” ಅಂತಲೋ, “ಸಯಾನ್ ವಿಚಾರ ನನಗೆ ಸಂಬಂಧವಿಲ್ಲ, ಇದ್ದದ್ದು ಇರಲಿ” ಅಂತಲೋ? `OPM` 0 ಆಗಿದ್ದರೆ ಮೊದಲನೆಯ ಅರ್ಥ. ಸೊನ್ನೆಯೂ ಒಂದು ಬಣ್ಣವೇ ಎಂಬಂತೆ ಅದು ಕೆಳಗಿನದನ್ನು ಅಳಿಸುತ್ತದೆ. 1 ಆಗಿದ್ದರೆ ಎರಡನೆಯ ಅರ್ಥ, ಸೊನ್ನೆ ಇರುವ ಪ್ಲೇಟ್‌ಗೆ ಕೈ ಹಾಕುವುದಿಲ್ಲ. ಹೀಗಾಗಿ `op true` ಇದ್ದು `OPM 0` ಇದ್ದರೆ, ಹೆಸರಿಗೆ ಓವರ್‌ಪ್ರಿಂಟ್, ನಾಲ್ಕು ಪ್ಲೇಟ್‌ಗಳ ಮಟ್ಟಿಗೆ ನಾಕೌಟ್. `OPM` ಬರೆಯದೇ ಬಿಟ್ಟಿದ್ದರೂ 0 ಅಂತಲೇ ಲೆಕ್ಕ.

ಇನ್ನೂ ಒಂದು ಷರತ್ತಿದೆ, ಅದನ್ನು ಬಲ್ಲವರು ಕಡಿಮೆ. `OPM 1` ಕೆಲಸ ಮಾಡುವುದು ಬಣ್ಣವನ್ನು ನೇರವಾಗಿ `DeviceCMYK`, ಅಂದರೆ ನಾಲ್ಕು ಶಾಯಿಗಳ ಅಳತೆಯಾಗಿ ಬರೆದಾಗ ಮಾತ್ರ. ಅದೇ ಕಪ್ಪನ್ನು ಯಾವುದೋ ತಂತ್ರಾಂಶ `0 g` ಅಂತ ಬರೆದಿದ್ದರೆ ಅದು `DeviceGray`, ಬೂದು ಬಣ್ಣದ ಅಳತೆ. ನೋಡಲು ಎರಡೂ ಒಂದೇ ಕಪ್ಪು. ಆದರೆ ಪಿಡಿಎಫ್ ನಿಯಮದಂತೆ ಬೂದು ಬಣ್ಣದಲ್ಲಿ ಬರೆದ ಕಪ್ಪು, ಓವರ್‌ಪ್ರಿಂಟ್ ಹಾಕಿದ್ದರೂ, ಸಯಾನ್, ಮೆಜೆಂಟಾ, ಹಳದಿ ಪ್ಲೇಟ್‌ಗಳಲ್ಲಿ ಸೊನ್ನೆಯನ್ನೇ ಬರೆಯುತ್ತದೆ. ಐಸಿಸಿ ಪ್ರೊಫೈಲ್ ಅಂಟಿಸಿದ ಸಿಎಂವೈಕೆ ಬಣ್ಣದ ಗತಿಯೂ ಇದೇ. ಪಿಡಿಎಫನ್ನು ಪ್ಲೇಟ್‌ಗಳಾಗಿ ಬಿಡಿಸುವ ತಂತ್ರಾಂಶವೇ ರಿಪ್. ಕೆಲವು ರಿಪ್‌ಗಳಲ್ಲಿ ಬೂದು ಕಪ್ಪನ್ನು ಕಪ್ಪು ಪ್ಲೇಟಿನ ಬಣ್ಣವೆಂದೇ ಪರಿಗಣಿಸುವ ಆಯ್ಕೆ ಇರುತ್ತದೆ. ಅದಕ್ಕೇ ಒಂದು ಫೈಲ್ ಒಂದು ಕಡೆ ಚೆನ್ನಾಗಿ ಬಂದು ಇನ್ನೊಂದು ಕಡೆ ಬಿಳಿ ಗೆರೆ ತೋರಿಸುವುದುಂಟು. ಇದಕ್ಕೆ ಬದಲಾಗಿ ಕಪ್ಪನ್ನು ಪ್ರತ್ಯೇಕ ಶಾಯಿಯಾಗಿ, ಅಂದರೆ `Separation` ಬಣ್ಣವಾಗಿ `Black` ಎಂಬ ಹೆಸರಿನಲ್ಲಿ ಬರೆದಿದ್ದರೆ ಮೋಡ್‌ನ ತಂಟೆಯೇ ಇಲ್ಲ. ಅದು ತನ್ನ ಹೆಸರಿನ ಪ್ಲೇಟನ್ನಷ್ಟೇ ಮುಟ್ಟುತ್ತದೆ, ಓವರ್‌ಪ್ರಿಂಟ್ ಹಾಕಿದರೆ ಸಾಕು.

ಈಗ ನಮ್ಮ ಪುಟಕ್ಕೆ ಬನ್ನಿ. ಅಕ್ಷರದ ಮೈಮೇಲೆ ಒಂದು ಬಿಂದು ಆರಿಸಿಕೊಂಡು ಅಲ್ಲಿ ನಾಲ್ಕು ಶಾಯಿಗಳ ಲೆಕ್ಕ ಹಾಕೋಣ. ಓವರ್‌ಪ್ರಿಂಟ್ ಇಲ್ಲದಿದ್ದರೆ ಅಲ್ಲಿ 0, 0, 0, 100. ಓವರ್‌ಪ್ರಿಂಟ್ ಇದ್ದು ಮೋಡ್ 0 ಆದರೂ 0, 0, 0, 100. ಮೋಡ್ 1 ಇದ್ದು ಬಣ್ಣ ಬೂದಿನಲ್ಲಿದ್ದರೆ ಆಗಲೂ 0, 0, 0, 100. ಮೋಡ್ 1, ಬಣ್ಣ ನೇರ ಸಿಎಂವೈಕೆ ಆಗಿದ್ದಾಗ, ಇಲ್ಲವೇ ಓವರ್‌ಪ್ರಿಂಟ್ ಹಾಕಿದ ಕಪ್ಪು `Separation` ಆಗಿದ್ದಾಗ ಮಾತ್ರ 20, 40, 80, 100. ನಮಗೆ ಬೇಕಾದ್ದು ಈ ಕೊನೆಯದು. ಪ್ರಶ್ನೆ ಕೇಳಿದವರ ಫೈಲ್ ಮೊದಲ ಮೂರರಲ್ಲಿ ಒಂದಾಗಿದ್ದ ಸಂಭವ ಹೆಚ್ಚು, ಯಾವುದು ಅಂತ ತಿಳಿಯಲು ಫೈಲನ್ನೇ ನೋಡಬೇಕು.

ಇನ್ನು ಮಾಯವಾಗುವ ಕಥೆ. ಮೊದಲು ಬಿಳಿ ಅಕ್ಷರ ನೋಡೋಣ, ಏಕೆಂದರೆ ಕಾರಣ ಅಲ್ಲಿ ಸ್ವಚ್ಛವಾಗಿ ಕಾಣುತ್ತದೆ. ನಮ್ಮ ಕಪ್ಪು ಪ್ಯಾರಾಗೆ ಎಲ್ಲ ಸರಿಯಾಗಿ ಓವರ್‌ಪ್ರಿಂಟ್ ಹಾಕಿದ್ದೇವೆ. ಆಮೇಲೆ ಯಾರೋ “ಈ ಸಾಲು ಬಿಳಿ ಇದ್ದರೆ ಚೆನ್ನ” ಅಂದರು. ಬಣ್ಣ ಬದಲಾಯಿಸಿದೆವು: `0 0 0 0 k`. ಓವರ್‌ಪ್ರಿಂಟ್ ಗುರುತು ಆ ವಸ್ತುವಿಗೆ ಅಂಟಿಕೊಂಡೇ ಉಳಿಯಿತು. ಈಗ ಮೋಡ್ 1 ಹೇಳುವುದೇನು? ಸೊನ್ನೆ ಇರುವ ಪ್ಲೇಟ್‌ಗೆ ಕೈ ಹಾಕಬೇಡ. ನಾಲ್ಕೂ ಸೊನ್ನೆ. ಅಕ್ಷರ ಯಾವ ಪ್ಲೇಟನ್ನೂ ಮುಟ್ಟುವುದಿಲ್ಲ. ಆ ಬಿಂದುವಿನಲ್ಲಿ 20, 40, 80, 0, ಅಂದರೆ ಬರೀ ಚೌಕ. ತೆರೆಯ ಮೇಲೆ ಬಿಳಿ ಸಾಲು ಚೆನ್ನಾಗಿ ಕಾಣುತ್ತಿತ್ತು, ಹಾಳೆಯ ಮೇಲೆ ಇಲ್ಲವೇ ಇಲ್ಲ. ಲೋಗೋಗಳಲ್ಲಿ ಈ ತೊಂದರೆ ವಿಪರೀತ. ಕಪ್ಪು ಲೋಗೋ ತೆಗೆದುಕೊಂಡು ಅದರ ಬಿಳಿ ರೂಪ ಮಾಡುತ್ತೇವೆ, ಹಳೆಯ ಗುರುತು ಒಳಗೇ ಕೂತಿರುತ್ತದೆ. ಇಲಸ್ಟ್ರೇಟರ್‌ನ Document Setup ಒಳಗೆ Discard White Overprint ಎಂಬ ಆಯ್ಕೆ ಇರುವುದೇ ಇದಕ್ಕಾಗಿ. ಆದರೆ ಬೇರೆ ಕಡೆಯಿಂದ ಬಂದ ಪಿಡಿಎಫನ್ನು ಪುಟದಲ್ಲಿ ಹಾಗೇ ಇಟ್ಟರೆ ಆ ರಕ್ಷಣೆ ಸಿಗುತ್ತದೆ ಅಂತ ನಂಬಬೇಡಿ.

ಕಪ್ಪು ಅಕ್ಷರ ಮಾಯವಾಗುವುದು ಇದರ ತಿರುವು ರೂಪ. ಇಲ್ಲಿ ತಪ್ಪು ಅಕ್ಷರದಲ್ಲಿರುವುದಿಲ್ಲ, ಅದರ ಮೇಲೆ ಬಂದ ವಸ್ತುವಿನಲ್ಲಿರುತ್ತದೆ. ಕಪ್ಪು ಪ್ಯಾರಾ ಕೆಳಗಿದೆ, ಅದರ ಮೇಲೆ ಸಯಾನ್ 30ರ ಒಂದು ತೆಳು ಪಟ್ಟಿಯನ್ನು ಯಾರೋ ಎಳೆದು ಓವರ್‌ಪ್ರಿಂಟ್ ಹಾಕಿದ್ದಾರೆ ಅನ್ನಿ. ಪಟ್ಟಿಯ ಕಪ್ಪಿನ ಅಂಕಿ ಸೊನ್ನೆ, ಮೋಡ್ 1, ಆದ್ದರಿಂದ ಕಪ್ಪು ಪ್ಲೇಟ್ ಹಾಗೇ ಉಳಿಯುತ್ತದೆ. ಪಟ್ಟಿಯ ಅಡಿಯಿಂದ ಅಕ್ಷರ ಸರಿಯಾಗಿ ಕಾಣುತ್ತದೆ. ಈ ವಿನ್ಯಾಸದ ಜೀವ ಓವರ್‌ಪ್ರಿಂಟ್ ಗುರುತಿನ ಮೇಲೇ ನಿಂತಿದೆ. ಈಗ ಆ ಗುರುತನ್ನು ಲೆಕ್ಕಕ್ಕೆ ಇಟ್ಟುಕೊಳ್ಳದ ರಿಪ್‌ಗೆ ಫೈಲ್ ಹೋಗಲಿ, ಅಥವಾ ದಾರಿಯಲ್ಲಿ ಯಾರಾದರೂ ಅದನ್ನು ಆರ್‌ಜಿಬಿಗೆ ಪರಿವರ್ತಿಸಲಿ. ಪಟ್ಟಿ ಗಟ್ಟಿಯಾಗುತ್ತದೆ, ಕಪ್ಪು ಪ್ಲೇಟ್‌ನಿಂದ ಅಕ್ಷರವನ್ನು ಕೊರೆದು ತೆಗೆಯುತ್ತದೆ. ಪ್ಯಾರಾ ಹೋಯಿತು, ನೀಲಿ ಪಟ್ಟಿ ಉಳಿಯಿತು.

ಸ್ಪಾಟ್ ವಾರ್ನಿಶ್‌ನಲ್ಲಿ ಇದೇ ಅನಾಹುತ ಇನ್ನೂ ಜೋರು. ಹೊದಿಕೆಯ ಶೀರ್ಷಿಕೆಗೆ ಹೊಳಪು ಕೊಡಲು ಅದೇ ಅಕ್ಷರಗಳ ಒಂದು ಪ್ರತಿಯನ್ನು ಎಲ್ಲಕ್ಕಿಂತ ಮೇಲೆ, ವಾರ್ನಿಶ್ ಎಂಬ ಸ್ಪಾಟ್ ಬಣ್ಣದಲ್ಲಿ, ಅಂದರೆ ಅದರದೇ ಪ್ರತ್ಯೇಕ ಪ್ಲೇಟಿನಲ್ಲಿ, ಇಡುತ್ತೇವೆ. ಅದಕ್ಕೆ ಓವರ್‌ಪ್ರಿಂಟ್ ಹಾಕಲು ಮರೆತರೆ, ಬಣ್ಣವೇ ಇಲ್ಲದ ವಾರ್ನಿಶ್ ತನ್ನ ಕೆಳಗಿನ ನಾಲ್ಕೂ ಪ್ಲೇಟ್‌ಗಳನ್ನು ಕೊರೆಯುತ್ತದೆ. ಕಪ್ಪು ಶೀರ್ಷಿಕೆ ಇರಬೇಕಾದಲ್ಲಿ ಬಿಳಿ ಕಾಗದ, ಅದರ ಮೇಲೆ ಚೊಕ್ಕಟವಾದ ಹೊಳಪು. ಇದನ್ನು ಪ್ಲೇಟ್ ಮಾಡುವ ಮೊದಲು ಹಿಡಿಯದಿದ್ದರೆ ಇಡೀ ಹೊದಿಕೆಯನ್ನು ಮತ್ತೆ ಮುದ್ರಿಸಬೇಕು.

ಹಿಂದಿನ ಸಾಲಿನಿಂದ ಇನ್ನೊಬ್ಬರು: “ನಮ್ಮಲ್ಲಿ ಬಿಳಿ ಗೆರೆ ಬರಲ್ಲ ಸರ್, ಆದರೆ ಅಕ್ಷರದ ಅಂಚಿಗೆ ಕೆಂಪು, ನೀಲಿ ಮಸುಕು ಬರುತ್ತೆ. ಅದೂ ಇದೇನಾ?”

ಅಲ್ಲ, ಅದು ಬೇರೆ ರೋಗ. ವರ್ಡ್‌ನಂತಹ ಕಡೆಯಿಂದ ಬಂದ ಆರ್‌ಜಿಬಿ ಕಪ್ಪು ಸಿಎಂವೈಕೆಗೆ ಬದಲಾದಾಗ ನಾಲ್ಕೂ ಶಾಯಿಗಳ ಕಪ್ಪಾಗುತ್ತದೆ. ಅಮೆರಿಕದ ಸ್ವಾಪ್ ಪ್ರೊಫೈಲ್‌ನಲ್ಲಿ ಫೋಟೋಶಾಪ್ ಕೊಡುವ ಅಂಕಿಗಳು ಸುಮಾರು 75, 68, 67, 90. ಅಂದರೆ ಸಣ್ಣ ಅಕ್ಷರವನ್ನು ನಾಲ್ಕು ಪ್ಲೇಟ್‌ಗಳು ಒಂದರ ಮೇಲೊಂದು ಕರಾರುವಾಕ್ಕಾಗಿ ಮೂಡಿಸಬೇಕು. ಒಂದು ಕದಲಿದರೆ ಅಂಚಿನಲ್ಲಿ ಅದರ ಬಣ್ಣ ಇಣುಕುತ್ತದೆ. ಇಲ್ಲಿ ಓವರ್‌ಪ್ರಿಂಟ್ ಹಾಕಿ ಪ್ರಯೋಜನವಿಲ್ಲ. ಅಕ್ಷರವನ್ನು ಬರೀ ಕಪ್ಪಿಗೆ ತಂದಮೇಲಷ್ಟೇ ಓವರ್‌ಪ್ರಿಂಟ್‌ಗೆ ಅರ್ಥ. ಕಪ್ಪು 100 ಇದ್ದ ಅಕ್ಷರವೂ ಒಂದು ಸಿಎಂವೈಕೆ ಪ್ರೊಫೈಲ್‌ನಿಂದ ಇನ್ನೊಂದಕ್ಕೆ ಹೋಗುವಾಗ ನಾಲ್ಕು ಬಣ್ಣವಾಗಿಬಿಡಬಹುದು. ಇನ್‌ಡಿಸೈನ್‌ನಿಂದ ಪಿಡಿಎಫ್ ಮಾಡುವಾಗ Convert to Destination (Preserve Numbers) ಆರಿಸಿದರೆ ಆ ಅಪಾಯ ತಪ್ಪುತ್ತದೆ.

ಇನ್‌ಡಿಸೈನ್ ಮಾತು ಬಂದದ್ದರಿಂದ ಒಂದು ಸಣ್ಣ ವಿಷಯ. ಅದರ Preferences ಒಳಗೆ Appearance of Black ಎಂಬಲ್ಲಿ Overprint [Black] Swatch at 100% ಎಂಬ ಗುರುತು ಮೊದಲಿಂದಲೇ ಹಾಕಿರುತ್ತದೆ. ಅದು ಅನ್ವಯಿಸುವುದು ಚೌಕಾವರಣದಲ್ಲಿ ಹೆಸರಿರುವ ಆ ಮೂಲ ಕಪ್ಪಿಗೆ ಮಾತ್ರ. ನೀವೇ 0, 0, 0, 100 ಅಂತ ಹೊಸ ಸ್ವಾಚ್ ಮಾಡಿಕೊಂಡರೆ ಅಂಕಿ ಒಂದೇ ಇದ್ದರೂ ಅದು ನಾಕೌಟ್ ಆಗುತ್ತದೆ. ಮೂಲ ಕಪ್ಪನ್ನು ಶೇಕಡಾ 95ಕ್ಕೆ ಇಳಿಸಿದರೂ ಹಾಗೇ. ಒಂದೇ ಪುಟದಲ್ಲಿ ಒಂದು ಪ್ಯಾರಾಗೆ ಬಿಳಿ ಗೆರೆ ಬಂದು ಪಕ್ಕದ್ದಕ್ಕೆ ಬರದಿದ್ದರೆ ನಾನು ಮೊದಲು ನೋಡುವುದು ಸ್ವಾಚ್‌ನ ಹೆಸರನ್ನೇ.

ಈಗ ಪರೀಕ್ಷೆ. ಬ್ರೌಸರಿನಲ್ಲೋ ಫೋನಿನಲ್ಲೋ ಪಿಡಿಎಫ್ ತೆರೆದು “ಸರಿ ಇದೆ” ಅನ್ನಬೇಡಿ. ಅಲ್ಲಿ ಓವರ್‌ಪ್ರಿಂಟ್ ಗುರುತುಗಳನ್ನು ಲೆಕ್ಕಿಸದೆ ಎಲ್ಲವನ್ನೂ ನಾಕೌಟ್ ಆಗಿ ತೋರಿಸುವುದೇ ಹೆಚ್ಚು. ಮಾಯವಾಗಲಿರುವ ಬಿಳಿ ಅಕ್ಷರ ಅಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅಕ್ರೊಬ್ಯಾಟ್‌ನಲ್ಲಿ Output Preview ತೆರೆಯಿರಿ, Simulate Overprinting ಗುರುತು ಹಾಕಿ. ಕರ್ಸರನ್ನು ಅಕ್ಷರದ ದಪ್ಪ ಗೆರೆಯ ಮೇಲೆ ನಿಲ್ಲಿಸಿದರೆ ಪ್ರತಿ ಪ್ಲೇಟಿನ ಮುಂದೆ ಶೇಕಡಾ ಅಂಕಿ ಬರುತ್ತದೆ. ನಮ್ಮ ಪುಟದಲ್ಲಿ 20, 40, 80, 100 ಬಂದರೆ ಸರಿ. ಮೊದಲ ಮೂರು ಸೊನ್ನೆ ಬಂದರೆ ನಾಕೌಟ್. ಕಪ್ಪು 90ರ ಸುತ್ತ ಇದ್ದು ಉಳಿದವೂ 70ರ ಆಸುಪಾಸಿನಲ್ಲಿದ್ದರೆ ಅದು ಆರ್‌ಜಿಬಿಯಿಂದ ಬಂದದ್ದು. ಆಮೇಲೆ ಕಪ್ಪು ಪ್ಲೇಟಿನ ಗುರುತು ತೆಗೆಯಿರಿ. ಅಕ್ಷರವಿದ್ದ ಜಾಗದಲ್ಲಿ ಚೌಕದ ಬಣ್ಣ ಒಡೆಯದೆ ಇದ್ದರೆ ಓವರ್‌ಪ್ರಿಂಟ್ ಆಗಿದೆ, ಅಕ್ಷರದಾಕಾರದ ಬಿಳಿ ತೂತುಗಳು ಕಂಡರೆ ಆಗಿಲ್ಲ. ಕಾರಣ ಹುಡುಕಲು ಅದೇ ಕಿಟಕಿಯ Object Inspector ಆರಿಸಿ ಅಕ್ಷರದ ಮೇಲೆ ಒತ್ತಿ: ಬಣ್ಣವನ್ನು ಯಾವ ಅಳತೆಯಲ್ಲಿ ಬರೆದಿದೆ, ಓವರ್‌ಪ್ರಿಂಟ್ ಇದೆಯೇ ಅನ್ನುವುದು ಅಲ್ಲಿ ಸಿಗುತ್ತದೆ.

ಅಕ್ರೊಬ್ಯಾಟ್ ಇಲ್ಲದವರಿಗೆ ಘೋಸ್ಟ್‌ಸ್ಕ್ರಿಪ್ಟ್ ಇದೆ, ಉಚಿತ. ಒಂದು ಸಾಲು ಸಾಕು:

```
gs -o plate-%d.tif -sDEVICE=tiffsep -r150 file.pdf
```

ಪ್ರತಿ ಪುಟಕ್ಕೂ ನಾಲ್ಕು ಪ್ಲೇಟ್‌ಗಳ ಕಪ್ಪುಬಿಳುಪು ಚಿತ್ರಗಳು ಬೇರೆಬೇರೆ ಬರುತ್ತವೆ, ಸ್ಪಾಟ್ ಬಣ್ಣವಿದ್ದರೆ ಅದಕ್ಕೂ ಒಂದು. ಹಳದಿ ಪ್ಲೇಟಿನ ಚಿತ್ರ ತೆರೆದು ನೋಡಿ. ಅದರಲ್ಲಿ ನಿಮ್ಮ ಪ್ಯಾರಾವನ್ನು ಓದಲು ಬಂದರೆ ಏನೋ ಎಡವಟ್ಟಾಗಿದೆ. ಬರೀ ಕಪ್ಪಿನಲ್ಲಿರುವ, ಓವರ್‌ಪ್ರಿಂಟ್ ಆದ ಪ್ಯಾರಾ ಹಳದಿ ಪ್ಲೇಟ್‌ನಲ್ಲಿ ಕಾಣಿಸಲೇಬಾರದು.

ಕೊನೆಗೆ ಮುದ್ರಣದ ಕಡೆಯವರೊಬ್ಬರು ಕೇಳಿದರು: “ಇಷ್ಟೆಲ್ಲಾ ಯಾಕೆ? ನಮ್ಮ ರಿಪ್‌ನಲ್ಲಿ ಎಲ್ಲ ಕಪ್ಪನ್ನೂ ಓವರ್‌ಪ್ರಿಂಟ್ ಮಾಡು ಅಂತ ಒಂದೇ ಆಯ್ಕೆ ಇದೆ. ಹಾಕಿಬಿಟ್ಟರೆ ಆಯ್ತಲ್ಲ?”

ಪುಸ್ತಕದ ಒಳಪುಟಗಳಿಗೆ ಅದು ಬಹುತೇಕ ನಡೆಯುತ್ತದೆ, ಹಾಕಿಕೊಳ್ಳಿ. ಹೊದಿಕೆಗೆ, ಪೋಸ್ಟರಿಗೆ ಬೇಡ. ಕಪ್ಪು ಶಾಯಿ ನಾವು ಅಂದುಕೊಂಡಷ್ಟು ಮುಚ್ಚುವ ಶಾಯಿಯಲ್ಲ, ಅದರ ಕೆಳಗಿನದು ತೋರುತ್ತದೆ. 80 ಪಾಯಿಂಟ್ ಶೀರ್ಷಿಕೆಯ ಒಂದು ಅಕ್ಷರ ಅರ್ಧ ಫೋಟೋದ ಮೇಲೆ, ಅರ್ಧ ಬಿಳಿ ಕಾಗದದ ಮೇಲೆ ಕೂತಿದೆ ಅನ್ನಿ. ಫೋಟೋದ ಆ ಭಾಗದಲ್ಲಿ 80, 60, 20 ಇದ್ದರೆ ಅಕ್ಷರದ ಒಂದರ್ಧ 80, 60, 20, 100, ಅಂದರೆ ಒಟ್ಟು 260ರ ಗಾಢ ಕಪ್ಪು. ಇನ್ನೊಂದರ್ಧ ಬರೀ 100, ಪಕ್ಕದಲ್ಲಿಟ್ಟು ನೋಡಿದರೆ ಬೂದಿಗೆ ತಿರುಗಿದಂತೆ. ಫೋಟೋದ ಅಂಚು ಅಕ್ಷರದ ಹೊಟ್ಟೆಯೊಳಗೆ ಅಡ್ಡಗೆರೆಯಾಗಿ ಕಾಣುತ್ತದೆ. 10 ಪಾಯಿಂಟ್‌ನಲ್ಲಿ ಗೆರೆ ಸಣ್ಣದಾದ್ದರಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ, 80ರಲ್ಲಿ ಬೀಳುತ್ತದೆ. ಅಂಥ ಅಕ್ಷರಕ್ಕೆ ಕಪ್ಪು 100ರ ಜೊತೆ ಸಯಾನ್ 60 ಸೇರಿಸಿ ನಾಕೌಟನ್ನೇ ಉಳಿಸಿ. ಬರೀ ಕಪ್ಪು ಅಲ್ಲದ್ದರಿಂದ ರಿಪ್‌ನ ಆ ಆಯ್ಕೆ ಸಾಮಾನ್ಯವಾಗಿ ಇದನ್ನು ಮುಟ್ಟುವುದಿಲ್ಲ. ಅಂಚಿನ ಬಿಳಿ ಗೆರೆಯನ್ನು ಟ್ರ್ಯಾಪಿಂಗ್ ನೋಡಿಕೊಳ್ಳಲಿ: ಫೋಟೋದ ಬಣ್ಣ ಅಕ್ಷರದ ಒಳಕ್ಕೆ ಕೂದಲೆಳೆಯಷ್ಟು ಚಾಚಿಕೊಳ್ಳುತ್ತದೆ, ಬಿಳಿ ಕಾಗದದ ಕಡೆಯ ಅಂಚಿನಲ್ಲಿ ಅಕ್ಷರದ ಸಯಾನ್ ಅಷ್ಟೇ ಒಳಕ್ಕೆ ಸರಿಯುತ್ತದೆ. ಈ ಕೆಲಸ ಫೈಲ್ ಮಾಡುವವರು ಕೈಯಲ್ಲಿ ಮಾಡುವಂಥದ್ದಲ್ಲ. ಆದ್ದರಿಂದ ಟ್ರ್ಯಾಪಿಂಗ್ ರಿಪ್‌ನಲ್ಲಿ ಆಗುತ್ತದೆಯೇ ಇಲ್ಲವೇ ಅನ್ನುವುದನ್ನು ಫೈಲ್ ಕಳಿಸುವ ಮೊದಲೇ ಮುದ್ರಣದವರನ್ನು ಕೇಳಿ ತಿಳಿದುಕೊಳ್ಳಿ.